ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ತಿದ್ದಿ ಬರೆಯಬಹುದು?

ಪ್ರಶ್ನೆ: ಅಪಘಾತದ ಒಳವಿಚಾರಣೆಗೆ ಹೇಳಿಕೆ ಬರೆದುಕೊಳ್ಳುವ ಕೆಲಸ ನನಗೆ ಬಂದಿದೆ. ಸಾಕ್ಷಿಗಳು ಹಿಂದೆ ಮುಂದೆ ಮಾತನಾಡುತ್ತಾರೆ. ಅರ್ಥ ಕೆಡದಂತೆ ಶುದ್ಧವಾಗಿ, ಕ್ರಮವಾಗಿ ಬರೆದು, ಓದಿಸಿ ಸಹಿ ಹಾಕಿಸಿದರೆ ಸಾಕಲ್ಲವೇ? ಎರಡು ಹೇಳಿಕೆ ಹಾಗೆಯೇ ಬರೆದಾಗಿದೆ.

ಉತ್ತರ: ಸಾಲದು. ಅರ್ಥ ಕೆಟ್ಟಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ನೀವೇ ಆಗಿರುವುದರಿಂದ ಆ ಷರತ್ತಿಗೆ ಬೆಲೆ ಇಲ್ಲ. ನಾನೂ ಅದೇ ಷರತ್ತನ್ನು ನಂಬಿಕೊಂಡು ಬರೆದವನು.

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ತಾಗಿ ಒಬ್ಬ ಕೆಲಸಗಾರನ ಕಾಲು ಮುರಿದಿತ್ತು. ಪಕ್ಕದ ಸಾಲಿನಲ್ಲಿದ್ದವನು ನನಗೆ ಹೇಳಿದ್ದು ಹೀಗೆ: "ಗಾಡಿ ಹಿಂದಕ್ಕೆ ಬಂತಲ್ಲ ಸಾರ್, ಆಗಲೇ ಆದದ್ದು. ಧಡ್ ಅಂತ ಆಯಿತು, ತಿರುಗಿದೆ, ಇವನು ಕೆಳಗಿದ್ದ. ಮೊದಲೆಲ್ಲ ಆ ಗಾಡಿ ಹಿಂದೆ ಬಂದರೆ ಕೂಗಿಕೊಳ್ಳುತ್ತಿತ್ತು." ನಾನು ಕೇಳಿದೆ: "ಚಾಲಕ ಹಾರ್ನ್ ಹಾಕಲಿಲ್ಲ, ಅಲ್ಲವೇ?" ಅವನೆಂದ: "ಹೂಂ, ಕೇಳಿಸಲಿಲ್ಲ."

ಕಾಗದಕ್ಕೆ ಇಳಿದದ್ದು: "ಚಾಲಕನು ಹಾರ್ನ್ ಹಾಕದೆ ವಾಹನವನ್ನು ಹಿಂದಕ್ಕೆ ಚಲಾಯಿಸಿ ಸದರಿ ಕಾರ್ಮಿಕನಿಗೆ ಡಿಕ್ಕಿ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ." ಓದಿ ಹೇಳಿದೆ. ಅವನು ತಲೆಯಾಡಿಸಿ ಸಹಿ ಹಾಕಿದ. ಎದುರಿಗೆ ಕುಳಿತ ಅಧಿಕಾರಿ ಬರೆದ ವಾಕ್ಯವನ್ನು ತಪ್ಪು ಎನ್ನುವವರು ಕಡಿಮೆ.

ವಿಚಾರಣೆಯಲ್ಲಿ ಚಾಲಕನ ಪರ ಬಂದವರು ಮೂರೇ ಪ್ರಶ್ನೆ ಹಾಕಿದರು. ಡಿಕ್ಕಿಯಾದ ಕ್ಷಣ ಎತ್ತ ನೋಡುತ್ತಿದ್ದಿರಿ? ರ‍್ಯಾಕಿನ ಕಡೆ. ಕಿವಿಯಲ್ಲಿ ಏನಿತ್ತು? ಶಬ್ದ ತಡೆಯುವ ಇಯರ್ ಪ್ಲಗ್. ಹಾಗಾದರೆ ಹಾರ್ನ್ ಹಾಕಲಿಲ್ಲವೆಂದು ಹೇಗೆ ಗೊತ್ತು? ಅವನು ನನ್ನತ್ತ ನೋಡಿದ. ಹೇಳಿಕೆ ಪೂರ್ತಿ ಬಿದ್ದುಹೋಯಿತು, ಅದರಲ್ಲಿದ್ದ ನಿಜವೂ ಸೇರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ಒಂದಲ್ಲ. "ಅಲ್ಲವೇ" ಎಂದು ಮುಗಿಯುವ ಪ್ರಶ್ನೆ ಉತ್ತರವನ್ನು ಅವನ ಬಾಯಿಗೆ ಇಟ್ಟಿತು. ಅವನು ಆಗಲೂ ಜಾಗರೂಕನಾಗಿ "ಕೇಳಿಸಲಿಲ್ಲ" ಎಂದ. ನಾನು ಅದನ್ನು "ಹಾಕಲಿಲ್ಲ" ಎಂದು ಮಾಡಿದೆ. ಪ್ರಶ್ನೆಯನ್ನು ಬರೆಯದೆ ಉತ್ತರವನ್ನಷ್ಟೇ ಬರೆದೆ, ಆದ್ದರಿಂದ ನನ್ನ ಮಾತು ಅವನದಾಗಿ ಕಂಡಿತು. ಸದ್ದು ಕೇಳಿ ತಿರುಗಿದವನನ್ನು ಕಣ್ಣಾರೆ ಕಂಡವನನ್ನಾಗಿಸಿದೆ. ಎಲ್ಲಕ್ಕಿಂತ ದುಬಾರಿಯಾದದ್ದು, ಅಪ್ರಸ್ತುತವೆಂದು ಬಿಟ್ಟ ಆ "ಕೂಗಿಕೊಳ್ಳುತ್ತಿತ್ತು" ಎಂಬ ಮಾತು. ಗಾಡಿಯ ರಿವರ್ಸ್ ಅಲಾರಂ ಕೆಟ್ಟಿತ್ತು. ಅದು ತನಿಖೆಗೆ ಬಂದದ್ದು ಬಹಳ ತಡವಾಗಿ, ಅಷ್ಟರಲ್ಲಿ ಅದನ್ನು ರಿಪೇರಿ ಮಾಡಿಸಿಯಾಗಿತ್ತು.

ಪ್ರಶ್ನೆಯ ಒಂದು ಪದ ನೆನಪನ್ನೇ ಬದಲಿಸಬಲ್ಲದು. 1974ರ ಒಂದು ಪ್ರಯೋಗದಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರ ತೋರಿಸಿ ವೇಗ ಕೇಳಿದರು. ಕಾರುಗಳು "ತಾಗಿದಾಗ" ಎಂದು ಕೇಳಿಸಿಕೊಂಡವರಿಗಿಂತ "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು. ಒಂದು ವಾರದ ನಂತರ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವು ಎಂದವರೂ ಅವರಲ್ಲೇ ಹೆಚ್ಚು.

ಈಗ ನಾನು ಮಾಡುವುದು ಇಷ್ಟು. "ನಿಮಗೆ ನೆನಪಿರುವುದನ್ನೆಲ್ಲ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ" ಎಂದು ಸುಮ್ಮನಾಗುತ್ತೇನೆ. ಅವರು ತಡೆದು ನಿಂತರೂ ತುಂಬಲು ಹೋಗುವುದಿಲ್ಲ. ಆಮೇಲೆ ಅವರ ಪದವನ್ನೇ ಹಿಡಿದು ಕೇಳುತ್ತೇನೆ: "ಧಡ್ ಅಂತ ಆಯಿತು ಎಂದಿರಿ, ಅದರ ಬಗ್ಗೆ ಇನ್ನಷ್ಟು ಹೇಳಿ." ಪ್ರತಿಯೊಂದು ಸಂಗತಿಗೂ "ಇದು ನಿಮಗೆ ಹೇಗೆ ಗೊತ್ತಾಯಿತು?" ಎಂಬ ಪ್ರಶ್ನೆ ಇದ್ದೇ ಇರುತ್ತದೆ, ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆಯಾಗುವುದು ಅಲ್ಲಿಯೇ. ಎಲ್ಲಿ ನಿಂತಿದ್ದರು, ನಡುವೆ ಏನು ಅಡ್ಡವಿತ್ತು, ಬೆಳಕು ಹೇಗಿತ್ತು ಎಂಬುದನ್ನು ಕೇಳಿ, ಒಂದು ನಕ್ಷೆಯನ್ನು ಅವರ ಕೈಯಿಂದಲೇ ಬರೆಸುತ್ತೇನೆ. ನಾನು ಕೇಳಿದ ಪ್ರಶ್ನೆಯೂ ಉತ್ತರದ ಜೊತೆಗೇ ಕಾಗದದ ಮೇಲಿರುತ್ತದೆ.

ಕ್ರಮದ ವಿಷಯಕ್ಕೆ ಬಂದರೆ, ಹೇಳಿದ ಕ್ರಮದಲ್ಲೇ ಬರೆಯಿರಿ. ಕಾಲಕ್ರಮ ಬೇಕಿದ್ದರೆ "ಇವೆರಡರಲ್ಲಿ ಯಾವುದು ಮೊದಲು?" ಎಂದು ಸಾಕ್ಷಿಯನ್ನೇ ಕೇಳಿ, ಅವರ ಉತ್ತರವನ್ನು ಸೇರಿಸಿ. ಕಾಗುಣಿತ ಸರಿಪಡಿಸಿ, ವ್ಯಾಕರಣವನ್ನು ಮುಟ್ಟಬೇಡಿ. "ಸದರಿ" ಎನ್ನುವ ಗೋದಾಮಿನ ಕೆಲಸಗಾರನನ್ನು ನಾನಂತೂ ನೋಡಿಲ್ಲ. ಓದಿ ಹೇಳಿದ ಮೇಲೆ "ಸರಿ ಇದೆಯೇ?" ಎನ್ನಬೇಡಿ, "ಯಾವುದನ್ನು ಬದಲಿಸಬೇಕು?" ಎನ್ನಿ. ತಿದ್ದುಪಡಿ ಬಂದರೆ ಹಳೆಯದು ಓದುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಅವರ ಚಿಕ್ಕ ಸಹಿ ಹಾಕಿಸಿ.

ನೀವು ಬರೆದಾಗಿರುವ ಎರಡನ್ನು ಹರಿಯಬೇಡಿ, ತಿದ್ದಲೂ ಬೇಡಿ. ಮೂಲ ಟಿಪ್ಪಣಿಯೊಂದಿಗೆ ಹಾಗೆಯೇ ಇರಿಸಿ, ಆ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಹಳೆಯ ಹೇಳಿಕೆಯನ್ನು ಮೊದಲೇ ತೋರಿಸದೆ, ಇಂದಿನ ದಿನಾಂಕದ ಪೂರಕ ಹೇಳಿಕೆ ಪಡೆಯಿರಿ. ಹಿಂದಿನದನ್ನು ನಿಮ್ಮ ಮಾತಿನಲ್ಲಿ ಬರೆದಿದ್ದಿರಿ ಎಂಬುದನ್ನೂ ಕಡತದಲ್ಲಿ ದಾಖಲಿಸಿ. ಮೇಲಿನವರು ಬೇಡವೆನ್ನಬಹುದು, ಆಗ ಬೇಡವೆಂದದ್ದನ್ನು ಬರಹದಲ್ಲಿ ಕೇಳಿ ಪಡೆದುಕೊಳ್ಳಿ.