ಟಿಡಿಎಸ್‌ ನೋಡಿ ಹೆದರಬೇಡಿ, ಕೆಳಗಿನ ಸಾಲು ಓದಿ

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ನಮ್ಮ ಮನೆ. ಕೊಳವೆಬಾವಿ ನೀರಿನ ವರದಿಯಲ್ಲಿ ಟಿಡಿಎಸ್‌ 860, ಗಡಸುತನ 420, ಫ್ಲೋರೈಡ್‌ 0.8, ನೈಟ್ರೇಟ್‌ 78 ಎಂದಿದೆ. ಇ. ಕೋಲಿ ಕಂಡುಬಂದಿದೆ ಎಂದೂ ಬರೆದಿದ್ದಾರೆ. ಟಿಡಿಎಸ್‌ ಜಾಸ್ತಿ, ಆರ್‌ಒ ಹಾಕಿಸಿ ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ತಿಂಗಳ ಮಗುವಿದೆ. ಏನು ಮಾಡಲಿ?

ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಟಿಡಿಎಸ್‌ನಿಂದಲೇ ಶುರುವಾಗುತ್ತವೆ. ನಿಮ್ಮ ವರದಿಯಲ್ಲಿ ಚಿಂತೆ ಮಾಡಬೇಕಾದ್ದು ಅದಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್‌ 10500 ಪ್ರಕಾರ ಟಿಡಿಎಸ್‌, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಘನಪದಾರ್ಥಗಳ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಜಲಮೂಲವಿಲ್ಲದಿದ್ದರೆ 2000ದವರೆಗೂ ಒಪ್ಪಬಹುದು. ಗಡಸುತನಕ್ಕೆ ಈ ಎರಡು ಮಿತಿಗಳು 200 ಮತ್ತು 600. ನಿಮ್ಮ ನೀರು ಎರಡರಲ್ಲೂ ನಡುವೆ ಇದೆ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಗೀಸರ್‌ನ ಕಾಯಿಲ್‌ ಬೇಗ ಹಾಳಾಗುತ್ತದೆ, ಸಾಬೂನು ನೊರೆ ಬರುವುದಿಲ್ಲ. ಇವೆಲ್ಲ ಕಿರಿಕಿರಿಯೇ ಹೊರತು ಕಾಯಿಲೆಯಲ್ಲ. ಫ್ಲೋರೈಡ್‌ 1.0ರ ಒಳಗಿರುವುದು ನಿಮ್ಮ ಭಾಗದಲ್ಲಿ ಸಮಾಧಾನದ ಸಂಗತಿ.

ಈಗ ನೈಟ್ರೇಟ್‌ ಸಾಲಿಗೆ ಬನ್ನಿ. ಅದರ ಮಿತಿ 45, ಮತ್ತು ಮಾನಕದ ಪಟ್ಟಿಯಲ್ಲಿ ಅದರ ಪಕ್ಕದ ಕಲಂನಲ್ಲಿ ‘ಸಡಿಲಿಕೆ ಇಲ್ಲ’ ಎಂದಿರುತ್ತದೆ. ಇ. ಕೋಲಿಯಂತೂ 100 ಮಿಲಿಲೀಟರ್‌ ನೀರಿನಲ್ಲಿ ಒಂದೂ ಸಿಗಕೂಡದು. ಇವೆರಡೂ ಒಟ್ಟಿಗೆ ಕಾಣಿಸಿಕೊಂಡರೆ ಮನುಷ್ಯರ ಅಥವಾ ದನಕರುಗಳ ಮಲ ಎಲ್ಲಿಂದಲೋ ಕೊಳವೆಬಾವಿಗೆ ಇಳಿಯುತ್ತಿದೆ ಎಂದು ನಾನು ಅನುಮಾನಿಸುತ್ತೇನೆ. ಹತ್ತಿರದ ಶೌಚಗುಂಡಿ, ಸಗಣಿ ತಿಪ್ಪೆ, ಕೊಟ್ಟಿಗೆ ಇವೆಯೇ ನೋಡಿ. ಹೊಲಕ್ಕೆ ಹಾಕಿದ ಯೂರಿಯಾದಿಂದಲೂ ನೈಟ್ರೇಟ್‌ ಬರಬಹುದು, ಆದರೆ ಇ. ಕೋಲಿ ಬರುವುದಿಲ್ಲ.

ಮಗುವಿನ ವಿಷಯ ಮೊದಲು. ಹಾಲಿನ ಪುಡಿ ಕಲಸಲು ಈ ನೀರನ್ನು ಇಂದಿನಿಂದಲೇ ಬಳಸಬೇಡಿ. ಆರು ತಿಂಗಳೊಳಗಿನ ಮಕ್ಕಳಲ್ಲಿ ನೈಟ್ರೇಟ್‌ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸಿ ತುಟಿ, ಉಗುರು ನೀಲಿಗಟ್ಟುವಂತೆ ಮಾಡಬಲ್ಲದು. ಹಾಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ‘ಕುದಿಸಿದರೆ ಸರಿಹೋಗುತ್ತದೆ’ ಎನ್ನುವವರ ಮಾತು ಕೇಳಬೇಡಿ: ಕುದಿಸಿದರೆ ಇ. ಕೋಲಿ ಸಾಯುತ್ತದೆ, ಆದರೆ ನೀರು ಆವಿಯಾದಷ್ಟೂ ನೈಟ್ರೇಟ್‌ ಇನ್ನಷ್ಟು ಗಟ್ಟಿಯಾಗುತ್ತದೆ. ದೊಡ್ಡವರು ಸದ್ಯಕ್ಕೆ ಚೆನ್ನಾಗಿ ಕುದಿಸಿದ ನೀರು ಕುಡಿಯಬಹುದು. ಆದರೆ ಗರ್ಭಿಣಿಯರಿದ್ದರೆ ಅವರಿಗೂ ಬೇರೆ ನೀರೇ ಇರಲಿ.

ಆಮೇಲೆ ಕೊಳವೆಬಾವಿಯ ಬಳಿ ಹೋಗಿ ನಿಂತು ನೋಡಿ. ಕೇಸಿಂಗ್‌ ಪೈಪ್‌ ನೆಲಕ್ಕಿಂತ ಒಂದಡಿಯಾದರೂ ಮೇಲೆ ಬಂದಿದೆಯೇ, ಬಾಯಿಗೆ ಮುಚ್ಚಳವಿದೆಯೇ, ಸುತ್ತ ಕಾಂಕ್ರೀಟ್‌ ಹಾಸು ಇದೆಯೇ? ಬಹಳ ಮನೆಗಳಲ್ಲಿ ಪೈಪನ್ನು ಗುಂಡಿಯೊಳಗೆ ಬಿಟ್ಟಿರುತ್ತಾರೆ, ಅಂಗಳ ತೊಳೆದ ನೀರು ನೇರ ಪೈಪಿನ ಹೊರಗೋಡೆಗುಂಟ ಇಳಿಯುತ್ತದೆ. ಆ ಸಂದು ಮುಚ್ಚಿಸಿ, ಶೌಚಗುಂಡಿ ಹತ್ತಿರವಿದ್ದರೆ ದೂರ ಮಾಡಿಸಿ, ಅನಂತರವೇ ಕ್ಲೋರಿನ್‌ ಹಾಕಿಸಿ. ಆರೂವರೆ ಇಂಚಿನ ಕೊಳವೆಯಲ್ಲಿ ಒಂದು ಮೀಟರ್‌ ಆಳಕ್ಕೆ ಸುಮಾರು 21 ಲೀಟರ್‌ ನೀರಿರುತ್ತದೆ; ನೂರು ಮೀಟರ್‌ ನೀರು ನಿಂತಿದ್ದರೆ, 25 ಪ್ರತಿಶತ ಕ್ಲೋರಿನ್‌ ಇರುವ ತಾಜಾ ಬ್ಲೀಚಿಂಗ್‌ ಪೌಡರ್‌ ಸುಮಾರು 430 ಗ್ರಾಂ ಬೇಕು. ಅದನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಸುರಿದು, ಒಂದು ರಾತ್ರಿ ಬಿಟ್ಟು, ಮರುದಿನ ವಾಸನೆ ಹೋಗುವವರೆಗೆ ಪಂಪ್‌ ಮಾಡಿ ಹೊರಬಿಡಿ. ಒಂದೆರಡು ವಾರದ ಬಳಿಕ ಮತ್ತೆ ಪರೀಕ್ಷಿಸಿ. ಮಾದರಿಯನ್ನು ಪ್ರಯೋಗಾಲಯ ಕೊಟ್ಟ ಸೋಂಕುರಹಿತ ಬಾಟಲಿಯಲ್ಲೇ ತುಂಬಿ, ತಣ್ಣಗಿಟ್ಟು ಆ ದಿನವೇ ಒಪ್ಪಿಸಿ. ಖಾಲಿ ಕೋಲಾ ಬಾಟಲಿಯಲ್ಲಿ ತಂದ ನೀರಿನ ವರದಿಯನ್ನು ನಾನು ಓದುವುದಿಲ್ಲ. ಮತ್ತೆ ಇ. ಕೋಲಿ ಸಿಕ್ಕರೆ ಕೊಳೆ ಇನ್ನೂ ಇಳಿಯುತ್ತಿದೆ ಎಂದೇ ಅರ್ಥ.

ಕ್ಲೋರಿನ್‌ ನೈಟ್ರೇಟ್‌ ತೆಗೆಯುವುದಿಲ್ಲ. ಅದಕ್ಕೆ ಆರ್‌ಒ ಉಪಯೋಗಕ್ಕೆ ಬರುತ್ತದೆ, ಟಿಡಿಎಸ್‌ ಕಾರಣಕ್ಕಲ್ಲ. ಹಾಕಿಸಿದ ಮೇಲೆ ಹೊರಬರುವ ನೀರಿನ ನೈಟ್ರೇಟ್‌ ಪರೀಕ್ಷಿಸಿ. ಮಾರಾಟಗಾರನ ಪೆನ್ನಿನಂಥ ಟಿಡಿಎಸ್‌ ಮೀಟರ್‌ ನೀರಿನಲ್ಲಿ ವಿದ್ಯುತ್‌ ಎಷ್ಟು ಹರಿಯುತ್ತದೆಂದು ಅಳೆಯುತ್ತದೆಯೇ ಹೊರತು ನೈಟ್ರೇಟ್‌, ಫ್ಲೋರೈಡ್‌, ಸೂಕ್ಷ್ಮಾಣು ಯಾವುದನ್ನೂ ತೋರಿಸುವುದಿಲ್ಲ.

ಪ್ರಶ್ನೆ: ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಯೇ?

ಗಟ್ಟಿ ಪುರಾವೆಯಿಲ್ಲ, ಸಾಕಷ್ಟು ನೀರು ಕುಡಿಯದಿರುವುದೇ ಹೆಚ್ಚು ಅಪಾಯ.

ಪ್ರಶ್ನೆ: ಮನೆಗೆ ಬಂದವರು ನಮ್ಮ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್‌ ಕೊಟ್ಟಾಗ ನೀರೆಲ್ಲ ಕಂದು ಬಣ್ಣದ ಕೆಸರಾಯಿತು. ಅಷ್ಟು ಕೊಳಕೇ?

ಆ ಕೆಸರು ಕಬ್ಬಿಣದ ಕಡ್ಡಿ ಕರಗಿ ಬಂದ ತುಕ್ಕು, ನಿಮ್ಮ ನೀರಿನದಲ್ಲ; ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಅದೇ ಕಡ್ಡಿಗಳನ್ನು ಇಳಿಸಿ ತೋರಿಸಿರೆಂದು ಕೇಳಿ, ಪೆಟ್ಟಿಗೆ ಮುಚ್ಚಿಕೊಂಡು ಹೊರಡುತ್ತಾರೆ.