ಐಸಿಯು ರೌಂಡ್ಸ್‌ನ ದಿನದ ಗುರಿ ಹಾಳೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಮ್ಮ ಐಸಿಯುನಲ್ಲಿ ದಿನದ ಗುರಿ ಹಾಳೆ ತುಂಬುತ್ತೇವೆ, ಆದರೂ ಏನೂ ಬದಲಾಗುತ್ತಿಲ್ಲ. ಹೇಗೆ ಬರೆಯಬೇಕು?

ಉತ್ತರ: ಗುರಿಯ ಜೊತೆ ಸಮಯ ಮತ್ತು ಮಾಡುವವರ ಹೆಸರು ಬರೆಯಿರಿ. ‘ಸೆಡೇಷನ್ ಕಡಿಮೆ ಮಾಡಿ’ ಅಂತ ಬರೆದರೆ ಯಾರೂ ಮಾಡುವುದಿಲ್ಲ.

ನ್ಯುಮೋನಿಯಾ ರೋಗಿ, ವೆಂಟಿಲೇಟರ್‌ನಲ್ಲಿ ನಾಲ್ಕನೇ ದಿನ ಅಂದುಕೊಳ್ಳಿ. ಆಮ್ಲಜನಕ 40%, ಪೀಪ್ 5, ಬಿಪಿ ಔಷಧ ನಿನ್ನೆಯೇ ನಿಂತಿದೆ. ಹಾಳೆಯಲ್ಲಿ ಹೀಗಿರಲಿ: 8ಕ್ಕೆ ಮಿಡಜೋಲಾಮ್ ನಿಲ್ಲಿಸುವುದು, ರಾಸ್ ಗುರಿ 0ಯಿಂದ −1. ತುಂಬಾ ಚಡಪಡಿಸಿದರೆ ಅರ್ಧ ಡೋಸ್‌ನಲ್ಲಿ ಮತ್ತೆ ಶುರು. ಎಚ್ಚರವಾದರೆ 30 ನಿಮಿಷ ಸ್ವಂತ ಉಸಿರಾಟದ ಪರೀಕ್ಷೆ. ಉಸಿರಿನ ವೇಗ 35 ದಾಟಿ ಹಾಗೇ ಉಳಿದರೆ, ಅಥವಾ ಸ್ಯಾಚುರೇಷನ್ 88ಕ್ಕಿಂತ ಇಳಿದರೆ ನಿಲ್ಲಿಸಿ. ಸೆಡೇಷನ್ ನಿಲ್ಲಿಸುವುದು, ಉಸಿರಾಟದ ಪರೀಕ್ಷೆ, ಈ ಎರಡನ್ನೂ ಬೇರೆ ಬೇರೆ ಸಾಲಾಗಿ ನೋಡಬೇಡಿ. ನಿದ್ದೆ ಮಂಪರಿನಲ್ಲಿರುವವರ ಪರೀಕ್ಷೆ ಫೇಲ್ ಆಗುತ್ತೆ, ‘ಇನ್ನೂ ರೆಡಿ ಇಲ್ಲ’ ಅಂತ ಒಂದು ದಿನ ಸುಮ್ನೆ ಹೋಗುತ್ತೆ, ಅಲ್ವಾ?

ಸೆಂಟ್ರಲ್ ಲೈನ್‌ಗೆ ‘ಇದೆ’ ಅಂತ ಟಿಕ್ ಹಾಕಬೇಡಿ, ‘ಇವತ್ತು ಯಾಕೆ ಬೇಕು’ ಅಂತ ಕೇಳಿ. ಈ ರೋಗಿಗೆ ಕಾರಣವಿಲ್ಲ. ಕೈಗೆ ಕ್ಯಾನುಲಾ ಹಾಕಿ 2ರೊಳಗೆ ತೆಗೆಯಿರಿ.

ಆಹಾರದಲ್ಲಿ ಜಾಸ್ತಿ ತಪ್ಪುವುದು ಒಂದೇ. ಉಸಿರಾಟದ ಟ್ಯೂಬ್ ತೆಗೆಯಲು ಫೀಡ್ ನಿಲ್ಲಿಸುತ್ತಾರೆ, ತೆಗೆಯುವುದು ಮುಂದಕ್ಕೆ ಹೋಗುತ್ತೆ, ಫೀಡ್ ಮಾತ್ರ ರಾತ್ರಿವರೆಗೂ ಶುರುವಾಗುವುದಿಲ್ಲ. ‘12ರೊಳಗೆ ಟ್ಯೂಬ್ ತೆಗೆಯದಿದ್ದರೆ ಫೀಡ್ ಶುರು’ ಅಂತ ಮೊದಲೇ ಬರೆದಿಡಿ.

ರೌಂಡ್ಸ್ ಮುಗಿದ ಮೇಲೆ ಆ ಹಾಸಿಗೆಯ ನರ್ಸ್ ಗುರಿಗಳನ್ನು ಗಟ್ಟಿಯಾಗಿ ಓದಲಿ. ಸಂಜೆ 4ಕ್ಕೆ ಮತ್ತೆ ನೋಡಿ. ಇವತ್ತಿನ ಹಾಳೆ ನಿನ್ನೆಯದರಂತೆಯೇ ಇದ್ದರೆ ಯಾರೋ ನಕಲು ಮಾಡಿದ್ದಾರೆ ಎಂದೇ ಅನುಮಾನಿಸಿ.