ನೋಟ್ಸ್ ಬಾಕಿ ಉಳೀತಿದ್ರೆ ಏನರ್ಥ

ಪ್ರಶ್ನೆ: ಮಕ್ಕಳ ಕೌನ್ಸೆಲರ್ ನಾನು, ಪೋಕ್ಸೋ ಕೇಸ್‌ಗಳ ನೋಟ್ಸ್ ಮಾತ್ರ ಬರೆಯೋಕೆ ಕೈನೇ ಓಡಲ್ಲ. ಇದು ಸೋಮಾರಿತನನಾ?

ಅಲ್ಲ, ಬಹಳಷ್ಟು ಸಲ ಬರ್ನೌಟ್ ಶುರುವಾಗೋದೇ ಹೀಗೆ, ಬೇಗ ಸೂಪರ್‌ವೈಸರ್ ಹತ್ರ ಹೇಳ್ಬಿಡಿ. ಸೆಷನ್‌ನಲ್ಲಿ ನಮ್ಮ ಗಮನ ಪೂರ್ತಿ ಮಗು ಮೇಲಿರುತ್ತೆ, ಬರೆಯೋಕೆ ಕೂತಾಗ ಮಾತ್ರ ಕೇಳಿದ್ದನ್ನೆಲ್ಲ ಒಬ್ರೇ ಇನ್ನೊಂದ್ಸಲ ಅನುಭವಿಸ್ಬೇಕು, ಅದಕ್ಕೆ ಮನಸ್ಸು ನಾಳೆ ನಾಳೆ ಅನ್ನುತ್ತೆ.

ತೊಂದರೆ ಏನಂದ್ರೆ ತಡವಾದಷ್ಟೂ ಮಗುವಿನ ಮಾತು ಹೋಗಿ ನಮ್ಮ ಮಾತು ಬಂದು ಕೂರುತ್ತೆ. ಒಂದು ಹುಡುಗಿ "ಬಾಗಿಲು ಹಾಕಿದ್ರೆ ಹೊಟ್ಟೆ ನೋಯುತ್ತೆ" ಅಂದಿದ್ಲು, ನಾಲ್ಕು ದಿನ ಬಿಟ್ಟು ನಾನು ಬರೆದದ್ದು "ಮಗುವಿಗೆ ಆತಂಕವಿದೆ" ಅಂತ. ಅವಳು ನಿಜವಾಗ್ಲೂ ಏನಂದ್ಲು ಅಂತ ಸೂಪರ್‌ವೈಸರ್ ಕೇಳಿದಾಗ್ಲೇ ನಂಗೆ ಗೊತ್ತಾಗಿದ್ದು, ಇವತ್ತಿಗೂ ಬೇಜಾರಿದೆ. ಆಮೇಲೆ ಹಳೇ ಸಾಲು ತಿದ್ದದೆ, ಕೆಳಗೆ ಸೇರಿಸಿದ ದಿನದ ತಾರೀಕು ಹಾಕಿ, ಅವಳ ಮಾತು ನೆನಪಿಂದ ಸೇರಿಸಿದ್ದು ಅಂತಾನೇ ಬರೆದೆ.

ಈಗ ಅವತ್ತೇ ಹತ್ತು ನಿಮಿಷ ಕೂತು ಮಗುವಿನ ಮಾತನ್ನ ಹಾಗೇ ಉದ್ಧರಣೆಯಲ್ಲಿ ಬರೀತೀನಿ, ನನ್ನ ಊಹೆ ಬೇರೆ ಸಾಲಲ್ಲಿ. ನನಗಾದ ಸಂಕಟ ಫೈಲ್‌ಗೆ ಹೋಗಲ್ಲ, ಸೂಪರ್‌ವಿಷನ್‌ಗೆ ಹೋಗುತ್ತೆ, ಅಲ್ಲೂ ಮಗುವಿನ ಹೆಸರು, ಶಾಲೆ, ಊರು ಹೇಳಲ್ಲ.

ಒಂದು ಮಾತ್ರ ನೆನಪಿಡಿ, ಸೂಪರ್‌ವೈಸರ್‌ಗೆ ಹೇಳಿದ್ದು ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಿದ ಹಾಗಲ್ಲ, ಅದನ್ನ ಬೇರೆಯಾಗೇ ಮಾಡ್ಬೇಕು.